ಎರೆ ಹೊಲದ ಜೋಳ, ನೋಟ್ಸಿನ ನಾಲ್ಕು ಕಲಂ

ಕೃಷಿ ಡಿಪ್ಲೊಮಾ ವಿದ್ಯಾರ್ಥಿಗಳ ಪರೀಕ್ಷೆ ಕಾಲದ ನೋಟ್ಸ್ ತೆರೆದರೆ ಸಾಮಾನ್ಯವಾಗಿ ಕಾಣುವುದು ಉದ್ದನೆಯ ಒಂದು ಕೋಷ್ಟಕ. ಎಡಗಡೆ ಬೆಳೆಗಳ ಸಾಲು: ಭತ್ತ, ರಾಗಿ, ಜೋಳ, ತೊಗರಿ, ಕಡಲೆ, ಶೇಂಗಾ, ಹತ್ತಿ, ಕಬ್ಬು. ಮೇಲ್ಗಡೆ ನಾಲ್ಕು ಕಲಂ: ಹಂಗಾಮು, ಮಣ್ಣು, ನೀರಾವರಿ, ಕೀಟ. ಹತ್ತನೆಯ ತರಗತಿ ಮುಗಿಸಿದವರು ಕನ್ನಡದಲ್ಲೇ ಓದಬಹುದಾದ ಎರಡು ವರ್ಷದ ಈ ಕೋರ್ಸಿಗೆ ಬರುವವರಲ್ಲಿ ರೈತರ ಮನೆಯ ಮಕ್ಕಳು ಬಹಳ. ಹೊಲದಲ್ಲಿ ಕಂಡದ್ದನ್ನೇ ಅವರು ಇಲ್ಲಿ ಹಾಳೆಯ ಮೇಲೆ ನೋಡುತ್ತಾರೆ. ಆದರೂ ಪರೀಕ್ಷೆಯಲ್ಲಿ ತೊಗರಿಯ ಕೀಟ ಕಡಲೆಗೆ, ಮುಂಗಾರಿನ ಅಂತರ ಹಿಂಗಾರಿಗೆ ಹೋಗಿ ಸೇರಿಕೊಳ್ಳುತ್ತದೆ. ಎಂಟು ಬೆಳೆಗೆ ನಾಲ್ಕು ಕಲಂ ಎಂದರೆ ಮೂವತ್ತೆರಡು ಮನೆ. ಒಂದೊಂದನ್ನೂ ಬೇರೆ ಬೇರೆಯಾಗಿ ಬಾಯಿಪಾಠ ಮಾಡಿದರೆ ಹೀಗಾಗುವುದು ಸಹಜ.

ಕೋಷ್ಟಕದಲ್ಲಿ ತಪ್ಪಿಲ್ಲ, ಅದನ್ನು ಓದುವ ದಿಕ್ಕು ಬದಲಾಗಬೇಕು. ಮೇಲಿನಿಂದ ಕೆಳಕ್ಕೆ ಓದಿದರೆ ಅದು ಬರೀ ಪಟ್ಟಿ. ಒಂದೇ ಬೆಳೆಯ ಸಾಲನ್ನು ಎಡದಿಂದ ಬಲಕ್ಕೆ ಓದಿದರೆ, ಯಾವ ಹಂಗಾಮಿಗೆ ಯಾವ ಮಣ್ಣು, ಆ ಮಣ್ಣಿಗೆ ಎಷ್ಟು ನೀರು, ಆ ನೀರಿನ ಲೆಕ್ಕ ತಪ್ಪಿದರೆ ಯಾವ ರೋಗ ಎಂಬ ಕಾರಣಗಳ ಎಳೆ ಕೈಗೆ ಸಿಗುತ್ತದೆ. ಉತ್ತರ ಕರ್ನಾಟಕದ ಹಿಂಗಾರಿ ಜೋಳದಷ್ಟು ಸ್ಪಷ್ಟವಾಗಿ ಇದನ್ನು ತೋರಿಸುವ ಬೆಳೆ ಇನ್ನೊಂದಿಲ್ಲ.

ಮೊದಲ ಕಲಂ ಹಂಗಾಮು. ನೋಟ್ಸಿನಲ್ಲಿ ಇಲ್ಲಿ ಇರುವುದು ಒಂದೇ ಸಾಲು: "ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ ಮೊದಲ ಪಕ್ಷದವರೆಗೆ." ವಿಜಯಪುರದ ರೈತ ಇದನ್ನೇ ಉತ್ತರಿ ಮಳೆ, ಹಸ್ತ ಮಳೆ ಎಂದು ಲೆಕ್ಕ ಹಾಕುತ್ತಾನೆ. ಉತ್ತರಿ ಸೆಪ್ಟೆಂಬರ್ 13ರ ಸುಮಾರಿಗೆ ಹೂಡುತ್ತದೆ, ಹಸ್ತ 27ರ ಹೊತ್ತಿಗೆ. ಎರಡೂ ಒಂದೇ ಅವಧಿಯನ್ನು ಹೇಳುತ್ತವೆ. ಹಾಗಾಗಿ ನೋಟ್ಸಿನಲ್ಲಿ ತಾರೀಖಿನ ಪಕ್ಕ ಮಳೆ ನಕ್ಷತ್ರದ ಹೆಸರನ್ನೂ ಬರೆದುಕೊಂಡ ವಿದ್ಯಾರ್ಥಿಗೆ ಮರೆಯುವ ಭಯ ಕಡಿಮೆ.

ಜೂನ್ ತಿಂಗಳಲ್ಲೇ ಮಳೆ ಬಂದಿರುವಾಗ ಸೆಪ್ಟೆಂಬರಿನವರೆಗೆ ಹೊಲವನ್ನು ಖಾಲಿ ಬಿಡುವುದೇಕೆ? ವಿಜಯಪುರದ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರ್. ಅದರಲ್ಲೂ ಹೆಚ್ಚು ಸುರಿಯುವ ತಿಂಗಳು ಸೆಪ್ಟೆಂಬರ್. ಜೂನ್, ಜುಲೈ ತಿಂಗಳ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದಾಗಲೂ ಆಳವಾದ ಎರೆ ಹೊಲ ಅಂಟು ಕೆಸರಾಗಿ ಎತ್ತಿನ ಕಾಲನ್ನೂ ಟ್ರ್ಯಾಕ್ಟರಿನ ಗಾಲಿಯನ್ನೂ ಹಿಡಿದುಕೊಳ್ಳುತ್ತದೆ. ಅದಕ್ಕೇ ಇಲ್ಲಿನವರು ಮುಂಗಾರಿನಲ್ಲಿ ಮಳೆಯನ್ನು ಮಣ್ಣಿಗೆ ಕುಡಿಸಿ, ಹಿಂಗಾರಿನಲ್ಲಿ ಆ ಮಣ್ಣಿನ ಹಸಿಯ ಮೇಲೆ ಬೆಳೆ ತೆಗೆಯುತ್ತಾರೆ. ಇನ್ನೊಂದು ಲಾಭವೂ ಇದೆ. ಹಿಂಗಾರಿ ಜೋಳ ಮಾಗುವುದು ಚಳಿಗಾಲ ಕಳೆಯುವ ಹೊತ್ತಿಗೆ. ಆಗ ತೆನೆಯ ಮೇಲೆ ಮಳೆ ಬೀಳುವುದು ಅಪರೂಪ, ಕಾಳಿಗೆ ಬೂಸ್ಟು ಹಿಡಿಯುವುದಿಲ್ಲ. ಮುಂಗಾರಿ ಜೋಳ ಮಳೆಗೆ ಸಿಕ್ಕಿ ಕಪ್ಪಾಗುವುದುಂಟು. ಹಿಂಗಾರಿ ಜೋಳ ಮುತ್ತಿನಂತೆ ಬೆಳ್ಳಗಿರುವುದಕ್ಕೂ ರೊಟ್ಟಿಗೆ ಅದನ್ನೇ ಕೇಳಿ ಕೊಳ್ಳುವುದಕ್ಕೂ ಕಾರಣ ಇದೇ.

ಎರಡನೇ ಕಲಂಗೆ, ಅಂದರೆ ಮಣ್ಣಿಗೆ, ಇಲ್ಲಿಂದಲೇ ದಾರಿ. "ಮಧ್ಯಮದಿಂದ ಆಳವಾದ ಕಪ್ಪು ಮಣ್ಣು" ಎಂದು ಬರೆದರೆ ಒಂದು ಅಂಕ ಸಿಗಬಹುದು, ವಿಷಯ ತಿಳಿಯುವುದಿಲ್ಲ. ಎರೆ ಮಣ್ಣಿನ ಜೇಡಿಯ ಕಣಗಳು ನೀರು ಕುಡಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಕುಗ್ಗಿದಾಗ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಈ ಗುಣದಿಂದಲೇ ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಈ ಗುಣದಿಂದಲೇ ಬಿರುಕಿನ ಮೂಲಕ ಕಳೆದುಕೊಳ್ಳುತ್ತದೆ. ಸುಮಾರು 90 ಸೆಂಟಿಮೀಟರ್ ಆಳದ ಒಳ್ಳೆಯ ಎರೆ ಮಣ್ಣು ಪೂರ್ತಿ ಹಸಿಯಾಗಿದ್ದಾಗ ಬೆಳೆಗೆ ಸಿಗಬಲ್ಲ ನೀರನ್ನು 15 ಸೆಂಟಿಮೀಟರಿನಷ್ಟು ಹಿಡಿದಿರುತ್ತದೆ. ಒಂದು ಎಕರೆಯ ಮೇಲೆ ಒಂದು ಸೆಂಟಿಮೀಟರ್ ನೀರು ನಿಂತರೆ ಅದು ಸುಮಾರು 40,000 ಲೀಟರ್. ಹದಿನೈದಕ್ಕೆ ಗುಣಿಸಿದರೆ 6 ಲಕ್ಷ ಲೀಟರ್. ಬೋರ್‌ವೆಲ್ ಇಲ್ಲದ ರೈತನ ಹೊಲದೊಳಗೆ ಕಣ್ಣಿಗೆ ಕಾಣದೆ ಕೂತಿರುವ ನೀರು ಇದು.

ಆ ನೀರು ಮಣ್ಣಿಗೆ ಇಳಿಯಬೇಕಾದರೆ ಮಳೆಗಾಲದಲ್ಲೇ ಕೆಲಸ ಆಗಿರಬೇಕು. ಜೂನ್ ಮಳೆಗೆ ಹರಗಿದ ಮೇಲೆ ಇಳಿಜಾರನ್ನು ನೋಡಿಕೊಂಡು ಹೊಲದ ತುಂಬ ಸಣ್ಣ ಬದುಗಳ ಚೌಕ ಹಾಕುತ್ತಾರೆ. ಚೌಕು ಮಡಿ ಎನ್ನುವುದು ಇದಕ್ಕೆ. ಮೂರರಿಂದ ನಾಲ್ಕೂವರೆ ಮೀಟರ್ ಅಗಲದ ಈ ಮಡಿಗಳಲ್ಲಿ ಬಿದ್ದ ಮಳೆ ಬಿದ್ದಲ್ಲೇ ನಿಂತು ಇಂಗುತ್ತದೆ. ಬಿತ್ತುವ ಮುನ್ನ ಮಡಿ ಮುರಿದು ಹರಗಿ, ಕೂರಿಗೆ ಹೂಡುತ್ತಾರೆ. ಒಣ ಬೇಸಾಯದ ಈ ಜ್ಞಾನಕ್ಕೆ ಸಾಕಷ್ಟು ಹಳೆಯ ಸಂಶೋಧನೆಯ ಆಧಾರವಿದೆ. 1930ರ ದಶಕದ ಆರಂಭದಲ್ಲಿ ದೇಶದ ಕೆಲವೇ ಕಡೆ ಒಣ ಬೇಸಾಯ ಸಂಶೋಧನಾ ಕೇಂದ್ರಗಳು ತೆರೆದಾಗ ಅವುಗಳಲ್ಲಿ ಬಿಜಾಪುರ, ರಾಯಚೂರು, ಬಳ್ಳಾರಿ ಬಳಿಯ ಹಗರಿ ಮೂರೂ ಇದ್ದವು. ಇಂದಿಗೂ ಹೊಲ ತುಂಬಿರುವ ಎಂ 35-1 ತಳಿ, ರೈತರ ಬಾಯಲ್ಲಿ ಮಾಲದಂಡಿ, ಸೊಲ್ಲಾಪುರ ಸೀಮೆಯ ಮೋಹೋಳದಲ್ಲಿ ಸ್ಥಳೀಯ ಜೋಳದಿಂದಲೇ ಆಯ್ದು ತೆಗೆದದ್ದು. ಅದೂ ಆ ದಶಕದ್ದೇ.

ಮೂರನೇ ಕಲಂನಲ್ಲಿ ವಿದ್ಯಾರ್ಥಿಗಳು "ಮಳೆಯಾಶ್ರಿತ" ಎಂದು ಬರೆದು ಮುಂದೆ ಹೋಗುತ್ತಾರೆ. ಈ ಬೆಳೆಯ ಇಡೀ ಗುಟ್ಟು ಇರುವುದು ಇಲ್ಲೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು.

ಲೆಕ್ಕ ಹೀಗಿದೆ. ಬಿತ್ತಿದ ಮೊದಲ ತಿಂಗಳು ಸಸಿ ಚಿಕ್ಕದು. ದಿನಕ್ಕೆ ಸುಮಾರು 2 ಮಿಲಿಮೀಟರ್ ನೀರು ಹೊಲದಿಂದ ಹೋಗುತ್ತದೆ ಎಂದುಕೊಂಡರೆ 30 ದಿನಕ್ಕೆ 6 ಸೆಂಟಿಮೀಟರ್. ಆಮೇಲೆ ಎಲೆ ಹರಡುತ್ತದೆ, ಖರ್ಚು ದಿನಕ್ಕೆ ಮೂರೂವರೆ ಮಿಲಿಮೀಟರಿಗೆ ಏರುತ್ತದೆ. ಇನ್ನು 25 ದಿನಕ್ಕೆ ಸುಮಾರು 9 ಸೆಂಟಿಮೀಟರ್. ಎರಡೂ ಕೂಡಿದರೆ 15. ಅಂದರೆ 90 ಸೆಂಟಿಮೀಟರ್ ಆಳದ ಹೊಲದಲ್ಲಿ ಕೂಡಿಟ್ಟ ನೀರು ಬಿತ್ತಿದ 55ನೇ ದಿನದ ಹೊತ್ತಿಗೆ ಮುಗಿಯುತ್ತ ಬಂತು. ಬೆಳೆ ಆಗ ಎಲ್ಲಿದೆ? ತೆನೆ ಇನ್ನೂ ಹೊರಬಂದಿಲ್ಲ, ಕೊನೆಯ ಎಲೆಯ ಒಡಲಲ್ಲಿದೆ. ರೈತರು ಹೊಡೆ ತುಂಬಿದೆ ಎನ್ನುವ ಹಂತ ಅದು. ಕಾಳು ಎಷ್ಟು ಕಟ್ಟಬೇಕು ಎಂಬುದು ನಿರ್ಧಾರವಾಗುವ ಹೊತ್ತಿಗೇ ನೀರು ತೀರುತ್ತಿದೆ. ಈ ಬೆಳೆ ಮಾಗಲು ಸುಮಾರು 120 ದಿನ ಬೇಕು.

ಇದು ಒರಟು ಲೆಕ್ಕ. ಅಕ್ಟೋಬರಿನಲ್ಲಿ ಚಿತ್ತಿ ಮಳೆ ಒಂದು ಸುರಿದರೆ ಹತ್ತು ಹದಿನೈದು ದಿನ ಮುಂದಕ್ಕೆ ಹೋಗುತ್ತದೆ, ಒಣ ಗಾಳಿ ಬೀಸಿದರೆ ಹಿಂದಕ್ಕೆ ಬರುತ್ತದೆ. ಆದರೆ ಈ ಲೆಕ್ಕ ಒಮ್ಮೆ ತಲೆಗೆ ಹೋದರೆ ಪುಸ್ತಕದ ಮೂರು ಶಿಫಾರಸುಗಳನ್ನು ಬೇರೆಯಾಗಿ ಕಂಠಪಾಠ ಮಾಡಬೇಕಾಗಿಲ್ಲ. ಮೊದಲನೆಯದು: ಒಂದೇ ಒಂದು ನೀರು ಕೊಡುವ ಅನುಕೂಲ ಇದ್ದರೆ ಅದನ್ನು ಹೊಡೆ ತುಂಬುವಾಗ ಕೊಡಬೇಕು. ಎರಡನೆಯದು: ಆಳ ಕಡಿಮೆ ಇರುವ ಹೊಲಕ್ಕೆ ದೀರ್ಘಾವಧಿ ತಳಿ ಬೇಡ. 45 ಸೆಂಟಿಮೀಟರ್ ಆಳದ ಮಣ್ಣಿನಲ್ಲಿ ನೀರು ಅರ್ಧಕ್ಕರ್ಧ. ಮೇಲಿನ ಲೆಕ್ಕದಲ್ಲೇ ಅದು 35ನೇ ದಿನಕ್ಕೆ, ಬೆಳೆ ಮೊಣಕಾಲೆತ್ತರ ಇರುವಾಗಲೇ ಮುಗಿದುಹೋಗುತ್ತದೆ.

ಮೂರನೆಯದು ಎಡೆ ಹೊಡೆಯುವುದು. ಬಿತ್ತಿದ ಮೂರು, ಐದು, ಎಂಟನೇ ವಾರಗಳಲ್ಲಿ ಸಾಲುಗಳ ನಡುವೆ ಎಡೆಕುಂಟೆ ಆಡಿಸಬೇಕು ಎಂದು ನೋಟ್ಸಿನಲ್ಲಿ "ಕಳೆ ನಿರ್ವಹಣೆ" ಅಡಿಯಲ್ಲಿ ಇರುತ್ತದೆ. ಕಳೆ ಸಾಯುವುದು ನಿಜ. ಆದರೆ ಎಂಟನೇ ವಾರದಲ್ಲಿ ಕಳೆ ಅಷ್ಟೇನೂ ಇರುವುದಿಲ್ಲ. ಆಗಿನ ಎಡೆ ಬಿರುಕು ಮುಚ್ಚುವುದಕ್ಕೆ. ಮೇಲಿನ ಎರಡಂಗುಲ ಮಣ್ಣು ಪುಡಿಯಾಗಿ ಹೊದಿಕೆಯಂತೆ ಕೂತರೆ ಕೆಳಗಿನ ಹಸಿ ಬಿರುಕಿನಿಂದ ಆರಿಹೋಗುವುದು ನಿಲ್ಲುತ್ತದೆ. ಆದ್ದರಿಂದ ನೋಟ್ಸಿನಲ್ಲಿ ಈ ಸಾಲು ನೀರಿನ ಕಲಂನಲ್ಲೂ ಇರಬೇಕು. ಇನ್ನೂ ಒಂದು ಸಂಗತಿ: ಹೊಲ ಅಗಲವಾಗಿ ಬಿರಿದ ಮೇಲೆ ನೀರು ಹಾಯಿಸಿದರೆ ಅದು ಬಿರುಕಿನೊಳಗೆ ನುಗ್ಗುತ್ತದೆ, ಹೊಲದ ತುದಿಗೆ ತಲುಪುವುದೇ ಇಲ್ಲ. ಕೊಡುವ ಒಂದು ನೀರನ್ನು ಬಿರುಕು ದೊಡ್ಡದಾಗುವ ಮುನ್ನ ಕೊಡಬೇಕು.

ನಾಲ್ಕನೇ ಕಲಂ ಕೀಟ. ಇಲ್ಲಿ ಮೊದಲ ಹೆಸರು ಸುಳಿ ನೊಣ. ನೋಡಲು ಮನೆಯ ನೊಣಕ್ಕಿಂತ ಚಿಕ್ಕದು. ಮೊಳಕೆ ಬಂದ ಒಂದು ವಾರದಿಂದ ನಾಲ್ಕು ವಾರದವರೆಗೆ ಮಾತ್ರ ಇದರ ಕಾಟ. ಎಳೆ ಎಲೆಯನ್ನು ಮಗುಚಿ ನೋಡಿದರೆ ನಡುನರಕ್ಕೆ ಸಮಾನಾಂತರವಾಗಿ ಅಂಟಿಸಿದ, ಬೆಳ್ಳಗೆ ಉದ್ದನೆಯ ಒಂಟಿ ಮೊಟ್ಟೆ ಬರಿಗಣ್ಣಿಗೇ ಕಾಣುತ್ತದೆ. ಒಂದೆರಡು ದಿನದಲ್ಲಿ ಅದು ಒಡೆದು, ಮರಿಹುಳು ಬೆಳಗಿನ ತೇವದಲ್ಲಿ ಎಲೆಯ ಮೇಲೆ ಜಾರಿ ಸುಳಿಯೊಳಗೆ ಇಳಿಯುತ್ತದೆ. ಬೆಳೆಯುವ ತುದಿಯನ್ನು ಅದು ಕತ್ತರಿಸುತ್ತದೆ. ಕೆಲವೇ ದಿನಗಳಲ್ಲಿ ನಡುವಿನ ಎಲೆ ಒಣಗಿ ನಿಲ್ಲುತ್ತದೆ, ಸುತ್ತಲಿನ ಎಲೆ ಹಸಿರಾಗಿಯೇ ಇರುತ್ತವೆ.

ಪ್ರಾಯೋಗಿಕ ಪರೀಕ್ಷೆಯಲ್ಲಿ ಒಣಗಿದ ಸುಳಿಯ ಒಂದು ಸಸಿಯನ್ನು ಮುಂದಿಟ್ಟು ಕಾರಣ ಕೇಳಿದರೆ ಅನೇಕರು ಎಡವುತ್ತಾರೆ. ಏಕೆಂದರೆ ಕಾಂಡ ಕೊರಕವೂ ಸುಳಿ ಒಣಗಿಸುತ್ತದೆ. ಬೆರಳಲ್ಲಿ ಹಿಡಿದು ಎಳೆದು ನೋಡಬೇಕು. ಸುಳಿ ಸಲೀಸಾಗಿ ಕೈಗೆ ಬಂದು, ಅದರ ಬುಡ ಕೊಳೆತು ವಾಸನೆ ಹೊಡೆದರೆ ಸುಳಿ ನೊಣ. ಈ ಮರಿ ಕೊಳೆತ ಭಾಗವನ್ನೇ ತಿಂದು ಬೆಳೆಯುವುದರಿಂದ ಆ ನಾತ. ಸುಳಿ ಅಷ್ಟು ಸುಲಭಕ್ಕೆ ಬರದೆ, ವಾಸನೆಯೂ ಇಲ್ಲದೆ, ಎಲೆಗಳ ಮೇಲೆ ಅಡ್ಡಸಾಲಾಗಿ ತೂತುಗಳಿದ್ದರೆ ಅದು ಕಾಂಡ ಕೊರಕ. ಸುರುಳಿಯಾಗಿದ್ದ ಎಲೆಯನ್ನು ಹುಳು ಕೊರೆದದ್ದು ಎಲೆ ಬಿಚ್ಚಿದಾಗ ತೂತಿನ ಸಾಲಾಗಿ ಕಾಣುತ್ತದೆ. ಸಸಿಯ ವಯಸ್ಸೂ ಸುಳಿವು ಕೊಡುತ್ತದೆ: ತಿಂಗಳು ದಾಟಿದ ಬೆಳೆಯಲ್ಲಿ ಹೊಸದಾಗಿ ಸುಳಿ ಒಣಗುತ್ತಿದ್ದರೆ ಅನುಮಾನ ಕೊರಕದ ಮೇಲೆ.

ಸುಳಿ ಒಣಗಿದ್ದು ಕಂಡ ಮೇಲೆ ಔಷಧಿ ಹೊಡೆದು ಪ್ರಯೋಜನವಿಲ್ಲ. ಹುಳು ಸುಳಿಯೊಳಗಿದೆ, ತುದಿ ಆಗಲೇ ಸತ್ತಿದೆ. ಬುಡದಿಂದ ಹೊಸ ಮರಿಗಳು ಒಡೆದರೂ ಅವುಗಳ ತೆನೆ ತಡವಾಗಿ, ಚಿಕ್ಕದಾಗಿ ಬರುತ್ತದೆ. ಹೀಗಾಗಿ ಈ ಕೀಟದ ಹತೋಟಿ ಪೂರ್ತಿ ಬಿತ್ತನೆಯ ದಿನದ ಕೆಲಸ. ಬೀಜಕ್ಕೆ ಶಿಫಾರಸಾದ ಕೀಟನಾಶಕದ ಉಪಚಾರ ಒಂದು, ಬೀಜದ ಪ್ರಮಾಣ ಇನ್ನೊಂದು.

ಬೀಜದ ಪ್ರಮಾಣದ ಹಿಂದೆಯೂ ಒಂದು ಲೆಕ್ಕವಿದೆ. ಸಾಲಿನಿಂದ ಸಾಲಿಗೆ 45, ಗಿಡದಿಂದ ಗಿಡಕ್ಕೆ 15 ಸೆಂಟಿಮೀಟರ್ ಅಂತರವೆಂದರೆ ಎಕರೆಗೆ ಸುಮಾರು 60,000 ಗಿಡ. ಮಾಲದಂಡಿಯ ಸಾವಿರ ಕಾಳು ಸುಮಾರು 35 ಗ್ರಾಂ ತೂಗುತ್ತವೆ. ಎಕರೆಗೆ ಶಿಫಾರಸಾದ 3 ಕೆ.ಜಿ. ಬೀಜದಲ್ಲಿ ಹೆಚ್ಚು ಕಡಿಮೆ 85,000 ಕಾಳು. ನೂರಕ್ಕೆ ಎಂಬತ್ತು ಮೊಳೆತರೆ 68,000 ಸಸಿ. ಬೇಕಾದದ್ದಕ್ಕಿಂತ 8,000 ಹೆಚ್ಚಾಯಿತು. ಸುಳಿ ನೊಣ ನೂರರಲ್ಲಿ ಹದಿನೈದನ್ನು ಕೊಂದರೂ ಸುಮಾರು 58,000 ಉಳಿಯುತ್ತವೆ, ಇಳುವರಿ ಅಷ್ಟಾಗಿ ಕುಸಿಯುವುದಿಲ್ಲ. ನೊಣ ಬಾರದ ವರ್ಷ ಹೆಚ್ಚಿನ ಸಸಿಗಳನ್ನು ಮೂರನೇ ವಾರದೊಳಗೆ ಕಿತ್ತು ಅಂತರ ಸರಿಮಾಡಬೇಕು. ಕೀಳುವಾಗ ಸುಳಿ ಒಣಗಿದ ಸಸಿಗಳನ್ನೇ ಮೊದಲು ಕೀಳಬೇಕು. ಅವನ್ನು ಬದುವಿನ ಮೇಲೆ ಎಸೆದರೆ ಒಳಗಿನ ಮರಿ ನೊಣವಾಗಿ ಮತ್ತೆ ಹೊಲಕ್ಕೇ ಬರುತ್ತದೆ. ಆದ್ದರಿಂದ ಹೂಳುವುದೋ ಸುಡುವುದೋ ಆಗಬೇಕು.

ಈ ನೊಣದ ಒಂದು ತಲೆಮಾರು ಸುಮಾರು ಮೂರು ವಾರದ್ದು. ಊರಿನವರೆಲ್ಲ ಬಿತ್ತಿ ಮೂರು ವಾರ ಕಳೆದ ಮೇಲೆ ಒಬ್ಬ ಬಿತ್ತಿದರೆ, ಅಕ್ಕಪಕ್ಕದ ಹೊಲದಲ್ಲಿ ಹುಟ್ಟಿದ ನೊಣಗಳಿಗೆ ಅವನ ಎಳೆ ಸಸಿಯೊಂದೇ ಗುರಿ. ಮುಂಗಾರಿ ಜೋಳದಲ್ಲಂತೂ ಮಳೆ ಹಿಡಿದ ಹತ್ತು ಹದಿನೈದು ದಿನದೊಳಗೆ ಬಿತ್ತಬೇಕೆಂಬ ಮಾತು ಬಂದದ್ದೇ ಇದರಿಂದ. ಹಂಗಾಮಿನ ಕಲಂನ ತಾರೀಖಿಗೂ ಕೀಟದ ಕಲಂನ ಹೆಸರಿಗೂ ಇರುವ ನಂಟು ಇಲ್ಲಿ ನೇರವಾಗಿಯೇ ಕಾಣುತ್ತದೆ.

ಇದೇ ಬೆಳೆಯಲ್ಲಿ ನೀರಿನ ಕಲಂ ಮತ್ತು ರೋಗ ಕೂಡುವ ಜಾಗ ಇದ್ದಿಲು ಕೊಳೆ. ಹೂ ಬಿಟ್ಟ ಮೇಲೆ ಮಣ್ಣು ಒಣಗಿದರೆ ಮಣ್ಣಿನಲ್ಲೇ ಇರುವ ಶಿಲೀಂಧ್ರ ಬೇರಿನ ಮೂಲಕ ಕಾಂಡಕ್ಕೆ ಏರುತ್ತದೆ. ತೆನೆ ತುಂಬುತ್ತಿರುವಾಗ ಗಿಡ ಬುಡದಲ್ಲಿ ಮೆತ್ತಗಾಗಿ ಬೀಳುತ್ತದೆ. ಗಾಳಿಗೆ ಬಿತ್ತೆಂದುಕೊಂಡು ಎಷ್ಟೋ ರೈತರು ಸುಮ್ಮನಾಗುತ್ತಾರೆ. ಬಿದ್ದ ಗಿಡದ ಬುಡವನ್ನು ಉದ್ದಕ್ಕೆ ಸೀಳಿದರೆ ಒಳಗಿನ ತಿರುಳು ಕರಗಿ ನಾರು ಮಾತ್ರ ಉಳಿದಿರುತ್ತದೆ, ಆ ನಾರಿನ ಮೇಲೆ ಇದ್ದಿಲ ಪುಡಿ ಸವರಿದಂತೆ ಕರಿ ಚುಕ್ಕೆಗಳಿರುತ್ತವೆ. ಯೂರಿಯಾ ಹೆಚ್ಚು ಹಾಕಿ ಗಿಡವನ್ನು ಒತ್ತೊತ್ತಾಗಿ ಬೆಳೆಸಿದ ಹೊಲದಲ್ಲಿ ಇದು ಹೆಚ್ಚು. ಸೊಂಪಾದ ಬೆಳೆ ನೀರನ್ನು ಬೇಗ ಹೀರಿ ಮುಗಿಸಿರುತ್ತದೆ, ಅದಕ್ಕೆ. ಹಾಗಾಗಿ ಈ ರೋಗದ ಎದುರು "ನಿರ್ವಹಣೆ" ಎಂದು ಬರೆಯಬೇಕಾದದ್ದು ಚೌಕು ಮಡಿ, ಸರಿಯಾದ ಅಂತರ, ಮಿತವಾದ ಸಾರಜನಕ, ಎಂಟನೇ ವಾರದ ಎಡೆ. ಇವೆಲ್ಲ ಹಿಂದಿನ ಮೂರು ಕಲಂಗಳಲ್ಲಿ ಬಂದುಹೋದವೇ.

ಒಂದು ಸಾಲು ಹೀಗೆ ಓದಿ ಮುಗಿಸಿದವರಿಗೆ ಮುಂದಿನ ಸಾಲುಗಳು ಬೇಗ ಸಾಗುತ್ತವೆ, ಹೋಲಿಸಲು ಒಂದು ಬೆಳೆ ಕೈಯಲ್ಲಿದೆ. ಭತ್ತವನ್ನೇ ನೋಡಬಹುದು. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಕಡೆ ಮುಂಗಾರಿ ಭತ್ತಕ್ಕೆ ಕಾಲುವೆ ನೀರು ಧಾರಾಳ. ಜೋಳದಲ್ಲಿ ನೀರಿನ ಕೊರತೆ ರೋಗ ತಂದರೆ ಇಲ್ಲಿ ನೀರಿನ ಹೆಚ್ಚಳ ಕೀಟ ತರುತ್ತದೆ. ಸದಾ ನಿಂತ ನೀರು, ಒತ್ತಾದ ನಾಟಿ, ಮೇಲಿಂದ ಮೇಲೆ ಯೂರಿಯಾ ಮೂರೂ ಸೇರಿದ ಗದ್ದೆಯ ಬುಡದಲ್ಲಿ ಗಾಳಿಯಾಡುವುದಿಲ್ಲ, ಕಂದು ಜಿಗಿಹುಳು ಅಲ್ಲೇ ಗುಂಪುಗಟ್ಟಿ ರಸ ಹೀರುತ್ತದೆ. ಗದ್ದೆಯ ನಡುವೆ ವೃತ್ತಾಕಾರದಲ್ಲಿ ಬೆಳೆ ಸುಟ್ಟಂತೆ ಒಣಗಿ, ಆ ವೃತ್ತ ದಿನೇ ದಿನೇ ಹಿಗ್ಗುವುದು ಇದರ ಗುರುತು. ಬದುವಿನ ಮೇಲೆ ನಿಂತು ನೋಡಿದರೆ ಕಾಣದು. ಗದ್ದೆಗೆ ಇಳಿದು ಗಿಡ ಬಾಗಿಸಿ ನೀರಿನ ಮಟ್ಟದ ಮೇಲಿನ ಬುಡ ನೋಡಬೇಕು. ನಾಟಿ ಮಾಡುವಾಗಲೇ ಎಂಟು ಹತ್ತು ಅಡಿಗೊಮ್ಮೆ ಒಂದಡಿ ಜಾಗ ಬಿಡುವುದು, ಹುಳು ಕಂಡಾಗ ಕೆಲ ದಿನ ನೀರು ಬಸಿದು ಗದ್ದೆ ಆರಿಸುವುದು, ಔಷಧಿ ಹೊಡೆಯಲೇಬೇಕಾದರೆ ಬುಡಕ್ಕೆ ತಾಗುವಂತೆ ಹೊಡೆಯುವುದು, ಇವೆಲ್ಲ ಆ ಒಂದು ಕಾರಣದಿಂದಲೇ ಹೊರಡುತ್ತವೆ.

ತೊಗರಿಯ ಸಾಲು ಮಾತ್ರ ಹಂಗಾಮಿನ ಕಲಂನಲ್ಲಿ ಸರಿಯಾಗಿ ಕೂರುವುದಿಲ್ಲ. ಕಲಬುರಗಿಯಲ್ಲಿ ಅದನ್ನು ಬಿತ್ತುವುದು ಜೂನ್, ಜುಲೈ ತಿಂಗಳಲ್ಲಿ, ಆದ್ದರಿಂದ ಮುಂಗಾರು ಎಂದು ಬರೆಯುತ್ತಾರೆ. ಕೊಯ್ಯುವುದು ಡಿಸೆಂಬರ್, ಜನವರಿಯಲ್ಲಿ. ಹೂವು, ಕಾಯಿ ಎರಡೂ ಹಿಂಗಾರಿನಲ್ಲಿ. ಇದನ್ನು ಗಮನಿಸದ ವಿದ್ಯಾರ್ಥಿ ಕಾಯಿಕೊರಕದ ಕಾಲವನ್ನು ತಪ್ಪು ಬರೆಯುತ್ತಾನೆ. ಹೂ ಮೊಗ್ಗಿನ ಮೇಲೆ ಪತಂಗ ಮೊಟ್ಟೆ ಇಡುವ ಹೊತ್ತಿಗೆ ಮೋಡ ಮುಸುಕಿದ ವಾತಾವರಣ ಮುಂದುವರಿದರೆ ಹುಳು ವಿಪರೀತ ಹೆಚ್ಚುತ್ತದೆ. ಮರಿ ಚಿಕ್ಕದಿರುವಾಗ ಬೇವಿನ ಬೀಜದ ಕಷಾಯಕ್ಕೂ ಬಗ್ಗುತ್ತದೆ. ಬಲಿತು ತಲೆಯನ್ನು ಕಾಯಿಯೊಳಗೆ ತೂರಿಸಿದ ಮೇಲೆ ಬಲವಾದ ಔಷಧಿಗೂ ಸುಲಭಕ್ಕೆ ಸಾಯುವುದಿಲ್ಲ. ಎಕರೆಗೆ ಎರಡು ಮೋಹಕ ಬಲೆ ನೇತುಹಾಕಿ ದಿನಾ ಪತಂಗ ಎಣಿಸಿದರೆ ಮೊಟ್ಟೆ ಬೀಳುವ ಹೊತ್ತು ಮೊದಲೇ ತಿಳಿಯುತ್ತದೆ. ಹುಳು ಬಲಿತುಬಿಟ್ಟಿದ್ದರೆ ಕಲಬುರಗಿ ಸೀಮೆಯ ರೈತರ ಹಳೆಯ ಉಪಾಯವೊಂದಿದೆ: ಸಾಲಿನ ನಡುವೆ ತಾಡಪತ್ರಿ ಎಳೆದುಕೊಂಡು ಹೋಗುತ್ತ ಗಿಡಗಳನ್ನು ಜೋರಾಗಿ ಅಲುಗಿಸುವುದು. ಬಿದ್ದ ಹುಳುಗಳನ್ನು ಒಟ್ಟುಮಾಡಿ ನಾಶ ಮಾಡುತ್ತಾರೆ. ನೋಟ್ಸಿನಲ್ಲಿ ತೊಗರಿಯ ಹಂಗಾಮಿನ ಮನೆಯನ್ನು ಎರಡಾಗಿ ಸೀಳಿ, ಒಂದರಲ್ಲಿ ಬಿತ್ತನೆಯ ತಿಂಗಳು, ಇನ್ನೊಂದರಲ್ಲಿ ಹೂವಿನ ತಿಂಗಳು ಬರೆದು, ಕೀಟದ ಕಲಂಗೆ ಗೆರೆಯನ್ನು ಎರಡನೆಯದರಿಂದ ಎಳೆಯಬೇಕು.